ಪುಸ್ತಕದಂಗಡಿಯ ಹತ್ತು ವರ್ಷ

ಪ್ಯಾರಿಸ್ ನಗರದಲ್ಲಿ ಸಿಲ್ವಿಯಾ ಬೀಚ್ ಎಂಬಾಕೆಯು 1919ನೆಯ ಇಸವಿಯಲ್ಲಿ ತೆರೆದ ‘ಷೇಕ್ಸ್‌ಪಿಯರ್ ಅಂಡ್ ಕಂಪನಿ’ ಎಂಬ ಚಿಕ್ಕ ಇಂಗ್ಲಿಷ್ ಪುಸ್ತಕದಂಗಡಿಗೆ 1929ರಲ್ಲಿ ಹತ್ತು ವರ್ಷ ತುಂಬಿತು. ಯುದ್ಧಾನಂತರ ಫ್ರಾಂಕಿನ ಬೆಲೆ ಇಳಿದುದರಿಂದ ಇಂಗ್ಲಿಷ್ ಗ್ರಂಥಗಳನ್ನು ಕೊಳ್ಳುವುದು ಅಲ್ಲಿಯವರಿಗೆ ಕಷ್ಟವಾಗಿತ್ತು. ಆದಕಾರಣ ಆಕೆಯು ಚಂದಾ ಮತ್ತು ಠೇವಣಿಗಳನ್ನು ಪಡೆದು ಪುಸ್ತಕಗಳನ್ನು ಎರವಲು ಕೊಡುತ್ತಿದ್ದಳು. ಕೊಂಡವನು ಮತ್ತೆ ಬಾರದಿರಬಹುದು. ಎರವಲು ಒಯ್ದವನು ಬಂದೇ ತೀರಬೇಕು. ಅಂಗಡಿಯ ಬಳಗವು ಬೆಳೆದುದು ಹೀಗೆ. ಠೇವಣಿಗೆ ಹಣವಿಲ್ಲದೆ ಬಂದ ತರುಣ ಹೆಮಿಂಗ್ವೆಗೆ, ಅನುಕೂಲವಾದಾಗ ಕೊಡಬಹುದೆಂದು ಹೇಳಿ, ಬೇಕಾದ ಪುಸ್ತಕಗಳನ್ನು ಕೊಟ್ಟು ಕಳುಹಿದಳು.

ಆ ನಂಬಿಕೆಯು ವ್ಯರ್ಥವಾಗಲಿಲ್ಲ. 1936ರಲ್ಲಿ ಅಂಗಡಿಯು ಮುಚ್ಚುವ ಸ್ಥಿತಿಗೆ ಬಂದಾಗ, ಆಂದ್ರೆ ಜೀದ್ ಮೊದಲಾದ ಓದುಗರು ಮಿತ್ರಮಂಡಲಿಯೊಂದನ್ನು ಕಟ್ಟಿ, ವರ್ಷಕ್ಕೆ 200 ಫ್ರಾಂಕುಗಳ ಚಂದಾ ಎತ್ತಿದರು. ಅಲ್ಲಿಯೇ ತಮ್ಮ ಕೃತಿಗಳನ್ನು ಓದಿ ಕೇಳಿಸಿದರು. 1937ರಲ್ಲಿ ಹಾಗೆ ಓದಿದವರಲ್ಲಿ ಹೆಮಿಂಗ್ವೆಯೂ ಒಬ್ಬನು.