ಉಳಿದ ಎರಡು ಸಾಲು

ತಿಂಗಳ 14ನೇ ತಾರೀಖನ್ನು ನಾನು ಆಸೆಯಿಂದ ಕಾಯುತ್ತೇನೆ. ತಿಂಗಳಿಗೊಮ್ಮೆ ರಿಟರ್ನ್ ಹಾಕುವ ಸಪ್ಲೈಯರುಗಳು 11ರೊಳಗೆ ಸಲ್ಲಿಸಿದ ಬಿಲ್ಲುಗಳೆಲ್ಲ ಅಂದು ಜಿಎಸ್‌ಟಿ ಪೋರ್ಟಲ್‌ನಲ್ಲಿ 2ಬಿ ಪಟ್ಟಿಯಾಗಿ ಸಿಗುತ್ತವೆ. ಅದನ್ನು ಖರೀದಿ ರಿಜಿಸ್ಟರಿನ ಜೊತೆ ತಾಳೆ ನೋಡುವುದು ನನಗೆ ಅಚ್ಚುಮೆಚ್ಚಿನ ಕೆಲಸ. 2022ರ ಜನವರಿಯಿಂದ, ಸಪ್ಲೈಯರು ತೋರಿಸದ ಬಿಲ್ಲಿಗೆ ನಮಗೆ ಇನ್‌ಪುಟ್ ಕ್ರೆಡಿಟ್ ಇಲ್ಲ.

ಬಿಲ್ ನಂಬರನ್ನು ನಂಬಿ ಶುರುಮಾಡಬಾರದು. ಅವರು ‘24-25/0124’ ಎಂದು ಹಾಕಿದ್ದನ್ನು ನಮ್ಮ ಹುಡುಗ ಬರೀ ‘124’ ಎಂದು ಹೊಡೆದಿರುತ್ತಾನೆ. ನಾನು ಮೊದಲು ಜಿಎಸ್‌ಟಿ ನಂಬರ್, ಆಮೇಲೆ ತೆರಿಗೆ ಮೊತ್ತ, ತಾರೀಖು ನೋಡುತ್ತೇನೆ. ಒಂದು ರೂಪಾಯಿ ಹೆಚ್ಚುಕಡಿಮೆಯನ್ನು ಬಿಟ್ಟುಬಿಡುತ್ತೇನೆ. ಜೋಡಿಯಾದ ಸಾಲುಗಳನ್ನು ಒಂದೊಂದಾಗಿ ಮರೆಮಾಡುತ್ತ ಹೋದಂತೆ ಹಾಳೆ ಖಾಲಿಯಾಗುತ್ತದೆ. ಆ ಖಾಲಿಯಲ್ಲಿ ಉಳಿದದ್ದು ಎದ್ದು ಕಾಣುವ ಹೊತ್ತಿಗಾಗಿಯೇ ನಾನು ಕೂತಿರುತ್ತೇನೆ.

ದಾವಣಗೆರೆಯ ಒಂದು ಹಾರ್ಡ್‌ವೇರ್ ಅಂಗಡಿಯ ಲೆಕ್ಕದಲ್ಲಿ ರಿಜಿಸ್ಟರಿಗಿಂತ 2ಬಿಯಲ್ಲಿ ತೆರಿಗೆ 7,200 ರೂಪಾಯಿ ಕಡಿಮೆ ಬಂತು. ಶೇ 18ರ ಲೆಕ್ಕ ಹಾಕಿ ಮಾಲೀಕರು 40,000 ರೂಪಾಯಿಯ ಬಿಲ್ಲಿಗಾಗಿ ಫೈಲುಗಳನ್ನೆಲ್ಲ ತಡಕಿದ್ದರು. ಅಂಥ ಬಿಲ್ಲೇ ಇರಲಿಲ್ಲ. ಕೊನೆಗೆ ಎರಡು ಸಾಲು ಉಳಿದವು: ರಿಜಿಸ್ಟರಿನಲ್ಲಿದ್ದು 2ಬಿಯಲ್ಲಿಲ್ಲದ 60,000ದ ಪೇಂಟ್ ಬಿಲ್ಲು, ತೆರಿಗೆ 10,800, 2ಬಿಯಲ್ಲಿದ್ದು ರಿಜಿಸ್ಟರಿನಲ್ಲಿಲ್ಲದ 20,000ದ ನಲ್ಲಿಗಳ ಬಿಲ್ಲು, ತೆರಿಗೆ 3,600. ಒಟ್ಟು ಮೊತ್ತ ಎರಡನ್ನೂ ಮುಚ್ಚಿಟ್ಟಿತ್ತು.

ನಲ್ಲಿಗಳ ಬಿಲ್ಲು ಗೋಡೌನಿನಲ್ಲೇ ಉಳಿದಿತ್ತು. ಮಾಲು ಬಂದದ್ದನ್ನು ಖಚಿತಪಡಿಸಿಕೊಂಡು ಬರೆದೆವು. ಪೇಂಟಿನವರದ್ದು ಸ್ವಾರಸ್ಯ. ಅವರ 118, 131ನೇ ಬಿಲ್ಲುಗಳು 2ಬಿಯಲ್ಲಿದ್ದವು, ನಡುವಿನ 124 ಮಾತ್ರ ಇಲ್ಲ. ಅಂದರೆ ರಿಟರ್ನ್ ಹಾಕಿದ್ದಾರೆ, ಈ ಒಂದು ಬಿಲ್ಲು ಬೇರೆಲ್ಲೋ ಹೋಗಿದೆ. ಜಿಎಸ್‌ಟಿ ನಂಬರಿನ ಕೊನೆಯ ಅಕ್ಷರ ಪರೀಕ್ಷೆಗೆಂದೇ ಇರುವುದರಿಂದ ಒಂದಂಕಿ ತಪ್ಪಿದರೆ ಪೋರ್ಟಲ್ ಸಾಮಾನ್ಯವಾಗಿ ತಡೆಯುತ್ತದೆ. ಹಾಗಾಗಿ ಕೈತಪ್ಪಿಗಿಂತ, ಗಿರಾಕಿಯನ್ನೇ ತಪ್ಪಾಗಿ ಆರಿಸಿರಬೇಕು ಅನ್ನಿಸಿತು.

“ಸರ್, 124 ಯಾರ ಹೆಸರಿಗೆ ಹೋಗಿದೆ, ಸ್ವಲ್ಪ ನೋಡ್ತೀರಾ?” ಎಂದು ಅವರ ಅಕೌಂಟೆಂಟರಿಗೆ ಫೋನ್ ಮಾಡಿದೆ. “ಅಯ್ಯೋ, ಹರಿಹರದಲ್ಲಿ ಇದೇ ಹೆಸರಿನ ಅಂಗಡಿ ಇದೆ ಸರ್, ಅವರಿಗೆ ಹೋಗ್ಬಿಟ್ಟಿದೆ” ಎಂದರು. ಮುಂದಿನ ತಿಂಗಳ ಜಿಎಸ್‌ಟಿಆರ್-1ರಲ್ಲಿ ತಿದ್ದಿದರು. ಅದು ನಮ್ಮ 2ಬಿಗೆ ಬಂದ ಮೇಲೆಯೇ 10,800ರ ಕ್ರೆಡಿಟ್ ತೆಗೆದುಕೊಂಡೆವು.

ಆರ್ಥಿಕ ವರ್ಷ ಮುಗಿದ ಮೇಲೆ ನವೆಂಬರ್ 30 ದಾಟಿದರೆ ಅಥವಾ ಅದಕ್ಕೂ ಮುಂಚೆ ವಾರ್ಷಿಕ ರಿಟರ್ನ್ ಹಾಕಿಬಿಟ್ಟರೆ ಆ ವರ್ಷದ ಬಿಲ್ಲಿನ ಕ್ರೆಡಿಟ್ ಹೋದಂತೆಯೇ. ವರ್ಷದ ಕೊನೆಗೆ ಗುಡ್ಡೆ ಹಾಕಿಕೊಳ್ಳಬೇಡಿ. 2ಬಿ ಬಂದ ವಾರದಲ್ಲೇ, ಒಟ್ಟು ಮೊತ್ತ ಬಿಟ್ಟು ಬಿಲ್ಲು ಬಿಲ್ಲಾಗಿ ತಾಳೆ ನೋಡಿ.