ಬ್ರೆಡ್ ಲೆಕ್ಕದಲ್ಲಿ ಹಿಟ್ಟೇ ನೂರು

ಮೂರು ಸೆಮಿಸ್ಟರ್ ಗಣಿತ ಓದಿದವರಿಗೂ ಬೇಕರಿಯವರ ಶೇಕಡಾ ಲೆಕ್ಕ ಮೊದಲ ಸಲ ವಿಚಿತ್ರ ಅನ್ಸುತ್ತೆ. ಕೂಡಿದರೆ ನೂರು ಬರಲ್ಲ! ಇಲ್ಲಿ ಹಿಟ್ಟಿನ ತೂಕವೇ 100, ಮಿಕ್ಕಿದ್ದೆಲ್ಲ ಅದಕ್ಕೆ ಹೋಲಿಸಿದ್ದು. ಪೌಂಡ್ ಕೇಕಿನಲ್ಲಿ ಮೈದಾ, ಸಕ್ಕರೆ, ಬೆಣ್ಣೆ, ಮೊಟ್ಟೆ ನಾಲ್ಕೂ 100.

ನಾವಿಬ್ಬರು ಅಕ್ಕ-ತಂಗಿ ಪ್ರತಿ ಶನಿವಾರ ಮಾಡೋ ಬ್ರೆಡ್ಡಿನ ಲೆಕ್ಕ ಹೀಗಿದೆ: ಮೈದಾ 500 ಗ್ರಾಂ, ನೀರು 310, ಬೆಣ್ಣೆ 25, ಸಕ್ಕರೆ 20, ಉಪ್ಪು 9, ಯೀಸ್ಟ್ 5. ಅಂದ್ರೆ ನೀರು 62%, ಉಪ್ಪು 1.8%. ಹಲ್ಲಿಲ್ಲದ ಅಜ್ಜಿ ಹಾಲಲ್ಲಿ ಅದ್ದದೆ ತಿನ್ನೋ ಬ್ರೆಡ್ ಇದೊಂದೇ. ಹಾಗಾಗಿ ಇದರ ಹದ ಕೆಡಿಸೋ ಹಾಗಿಲ್ಲ.

ಈಗ ಇದಕ್ಕೆ ಸ್ವಲ್ಪ ಹುಳಿ ರುಚಿ ಬೇಕು ಅಂತ 150 ಗ್ರಾಂ ಸೋರ್‌ಡೋ ಸ್ಟಾರ್ಟರ್ ಹಾಕೋಣ. ಸ್ಟಾರ್ಟರ್ ಅನ್ನು ಬೇರೆಯೇ ಸಾಮಾನು ಅಂತ ಎಣಿಸಿ ಮೇಲಿಂದ ಸುರಿದರೆ ಲೆಕ್ಕ ತಪ್ಪುತ್ತೆ. ಸಮತೂಕದ ಸ್ಟಾರ್ಟರ್ ಆದರೆ ಅದರಲ್ಲಿ 75 ಗ್ರಾಂ ಮೈದಾ, 75 ಗ್ರಾಂ ನೀರು ಅಡಗಿರುತ್ತೆ. ಆಗ ಒಟ್ಟು ಮೈದಾ 575, ನೀರು 385. ನೀರು ಸದ್ದಿಲ್ಲದೆ 67% ಆಯ್ತು, ಉಪ್ಪು 1.6%ಕ್ಕಿಂತ ಕೆಳಗಿಳೀತು. ಹಿಟ್ಟು ಕೈಗೆ ಅಂಟುತ್ತೆ, ಬ್ರೆಡ್ ಸಪ್ಪೆ. ಒಟ್ಟು ತೂಕವೂ 150 ಗ್ರಾಂ ಏರೋದರಿಂದ ಅದೇ ಟಿನ್ನಿನಲ್ಲಿ ಉಕ್ಕಿ ಹೊರಗೆ ಬರಬಹುದು.

ಪರಿಹಾರ ಸುಲಭ. ಒಟ್ಟು ಮೈದಾ 500 ಅನ್ನೋದನ್ನು ಕದಲಿಸಬೇಡಿ. ಸ್ಟಾರ್ಟರ್‌ನಲ್ಲಿರುವ 75 ಕಳೆದು ಪಾತ್ರೆಗೆ 425 ಗ್ರಾಂ ಮೈದಾ ಹಾಕಿ. ನೀರಲ್ಲೂ 75 ಕಳೆದು 235 ಹಾಕಿ. ಬೆಣ್ಣೆ, ಸಕ್ಕರೆ, ಉಪ್ಪು ಹಾಗೇ ಇರಲಿ. ಕಲಸಿದ ಮುದ್ದೆ ಮೊದಲಿನಷ್ಟೇ, 869 ಗ್ರಾಂ. ಯೀಸ್ಟನ್ನೂ ಅಷ್ಟೇ ಇಟ್ಟರೆ ಮಾತ್ರ ಬೇಗ ಉಬ್ಬುತ್ತೆ. ಗಡಿಯಾರ ನೋಡ್ಬೇಡಿ, ಹಿಟ್ಟು ನೋಡಿ.

ಟಿನ್ ಬದಲಾದಾಗಲೂ ಇದೇ ಲೆಕ್ಕ. ನಮ್ಮ ಶೇಕಡಾಗಳ ಮೊತ್ತ 173.8. ಚಿಕ್ಕ ಟಿನ್ನಿಗೆ 600 ಗ್ರಾಂ ಮುದ್ದೆ ಸಾಕಾದರೆ 600ನ್ನು 1.738ರಿಂದ ಭಾಗಿಸಿ. ಮೈದಾ 345 ಗ್ರಾಂ, ಅದರ 62% ಅಂದ್ರೆ ನೀರು 214 ಗ್ರಾಂ. ಸ್ಟಾರ್ಟರ್ ಹಾಕೋದಾದ್ರೆ ಅದರ ಪಾಲನ್ನು ಈ ಎರಡರಲ್ಲೂ ಕಳೀಬೇಕು.

ಆದ್ರೆ ಈ ಲೆಕ್ಕಕ್ಕೆ ಹಿಟ್ಟಿನ ಸ್ವಭಾವ ಗೊತ್ತಿಲ್ಲ. ಮೈದಾ ಬದಲು ಗಿರಣಿಯ ಗೋಧಿ ಹಿಟ್ಟು ಹಾಕಿದರೆ ಕಾಗದದ ಮೇಲೆ ಅದೇ 62%, ಕೈಯಲ್ಲಿ ಮಾತ್ರ ಚಪಾತಿ ಹಿಟ್ಟಿನಷ್ಟು ಗಟ್ಟಿ, ಯಾಕಂದ್ರೆ ತೌಡು ನೀರು ಹೀರುತ್ತೆ. ಅರ್ಧ ಗಂಟೆ ನೆನೆಯಲು ಬಿಟ್ಟು, ಆಮೇಲೆ 20 ಗ್ರಾಂನಂತೆ ನೀರು ಸೇರಿಸ್ತಾ ಹೋಗಿ. ಹದ ಸಿಕ್ಕಾಗ ಒಟ್ಟು ನೀರನ್ನು ಶೇಕಡಾದಲ್ಲೇ ಬರೆದಿಡಿ. ಮುಂದಿನ ಸಲ ಯಾವ ಅಳತೆಗೆ ಮಾಡಿದರೂ ಆ ಸಂಖ್ಯೆ ಸಾಕು.