ಚೋಮನೂ ಬಾಖನೂ ಒಂದೇ ತಕ್ಕಡಿಯಲ್ಲಿ

ಆಫೀಸಿನಲ್ಲಿ ನಾವು ಏಳೆಂಟು ಜನ ತಿಂಗಳಿಗೊಮ್ಮೆ ಸೇರಿ ಪುಸ್ತಕಗಳ ಬಗ್ಗೆ ಮಾತಾಡ್ತೀವಿ. ಕಳೆದ ಸಲ ನನ್ನ ಸರದಿ. ಶಿವರಾಮ ಕಾರಂತರ ‘ಚೋಮನ ದುಡಿ’ (1933), ಮುಲ್ಕ್ ರಾಜ್ ಆನಂದರ ಇಂಗ್ಲಿಷ್ ಕಾದಂಬರಿ ‘ಅನ್‌ಟಚೆಬಲ್’ (1935) ಎರಡನ್ನೂ ಆರಿಸಿಕೊಂಡೆ. ಎರಡೂ ಅಸ್ಪೃಶ್ಯತೆಯ ಕಥೆ, ನಡುವೆ ಎರಡೇ ವರ್ಷ. ಎಂಜಿನಿಯರ್ ಬುದ್ಧಿ ನೋಡಿ, ಎಕ್ಸೆಲ್ ಶೀಟಿನಲ್ಲಿ ವಸ್ತು, ಭಾಷೆ, ನಿರೂಪಣೆ ಅಂತ ಕಾಲಂ ಹಾಕಿ ಅಂಕ ಕೊಡೋಕೆ ಕೂತೆ.

‘ವಸ್ತು’ವಿನಲ್ಲೇ ಎಡವಿದೆ. ಚೋಮನಿಗೆ ಬೇಕಾದದ್ದು ಉಳೋಕೆ ಒಂದು ತುಂಡು ನೆಲ. ಬಾಖ ಪಟ್ಟಣದಲ್ಲಿ ಕಕ್ಕಸು ತೊಳೆಯುವ ಹುಡುಗ, ಬಜಾರಿನಲ್ಲಿ ಮೈ ತಾಗಿತೆಂದು ಪೆಟ್ಟು ತಿನ್ನುತ್ತಾನೆ. ಇಬ್ಬರಿಗೂ ಕ್ರೈಸ್ತ ಮತ ಎದುರಾಗುತ್ತದೆ. ಚೋಮ ಹೊರಡುವುದು ಬೇಸಾಯದ ಆಸೆಗೆ, ಹಿಂದಿರುಗುವುದು ತನ್ನ ದೈವಕ್ಕೆ ಅಂಜಿ. ಬಾಖನಿಗೋ ಪಾದ್ರಿ ಹೇಳುವ ಪಾಪದ ಮಾತೇ ಅರ್ಥವಾಗುವುದಿಲ್ಲ. ಘಟನೆ ಒಂದೇ ಥರ ಕಂಡರೂ ಒಂದರಲ್ಲಿ ಪ್ರಶ್ನೆ ನೆಲದ್ದು, ಇನ್ನೊಂದರಲ್ಲಿ ಮುಟ್ಟುವುದರದ್ದು.

‘ಭಾಷೆ’ಯಲ್ಲಿ ಕಾರಂತರಿಗೆ ಒಂಬತ್ತು, ಆನಂದರಿಗೆ ಆರು ಕೊಟ್ಟಿದ್ದೆ. ಆನಂದರ ಇಂಗ್ಲಿಷಿನ ಬೈಗುಳಗಳು ತೊಡಕು ಅನ್ನಿಸಿದ್ದವು. ಅಮೃತಸರದ ಸಹೋದ್ಯೋಗಿ ನಕ್ಕ. “ಅದು ಇಂಗ್ಲಿಷ್ ಅಲ್ಲ ಮಾರಾಯ, ನಮ್ಮೂರಿನ ಬೈಗುಳ. ನನಗೆ ಹಾಗೇ ಕೇಳಿಸುತ್ತೆ” ಅಂದ. ಪುತ್ತೂರಿಗೆ ಫೋನ್ ಮಾಡಿದಾಗ ಅಜ್ಜಿಗೆ ಇದನ್ನ ಹೇಳಿದೆ. ಅವರು ಕೇಳಿದ್ದು ಒಂದೇ: “ಚೋಮ ಕನ್ನಡ ಯಾವಾಗ ಮಾತಾಡಿದ್ದ? ಅವರೆಲ್ಲ ತುಳು ಮಾತಾಡೋದಲ್ವಾ?” ಹೌದಲ್ಲ! ಇಬ್ಬರು ಲೇಖಕರೂ ಪಾತ್ರದ ಮಾತನ್ನು ಬೇರೆ ಭಾಷೆಗೆ ದಾಟಿಸಿದವರೇ. ಒಂದು ದಾಟುವಿಕೆ ನನ್ನ ಕಿವಿಗೆ ಹತ್ತಿರದ್ದು, ಅದಕ್ಕೇ ಸಹಜ ಅನ್ನಿಸಿತ್ತು. ನಾನು ಅಳೆದದ್ದು ನನ್ನ ಕಿವಿಯನ್ನ, ಕಾದಂಬರಿಯನ್ನಲ್ಲ.

ಕೊನೆಯದು ‘ನಿರೂಪಣೆ’. ಆನಂದರು ಎಲ್ಲವನ್ನೂ ವಿವರಿಸುತ್ತಾರೆ ಅಂತ ಅಂಕ ಕಳೆದಿದ್ದೆ. ಬಾವಿಯ ಹತ್ತಿರ ಹೋಗುವ ಹಾಗಿಲ್ಲ, ಯಾರಾದರೂ ಕೊಡ ತುಂಬಿಸುವವರೆಗೆ ಕಾಯಬೇಕು, ಯಾಕೆ ಅಂತೆಲ್ಲ. ಆದರೆ ಲಂಡನ್ನಿನ ಓದುಗನಿಗೆ ಅದನ್ನ ಹೇಳಲೇಬೇಕಿತ್ತು. ಕಾರಂತರಿಗೆ ಆ ಕೆಲಸ ಅಷ್ಟಾಗಿ ಇರಲಿಲ್ಲ. ಚೋಮ ಧಣಿಯ ಅಂಗಳದಲ್ಲಿ ದೂರ ನಿಂತರೆ, ಯಾಕೆ ಅಂತ ನನಗೆ ಯಾರೂ ಹೇಳಬೇಕಾಗಿಲ್ಲ.

ಯಾಕೆ ಬೇಕಾಗಿಲ್ಲ? ಚಿಕ್ಕಂದಿನಲ್ಲಿ ಅಜ್ಜಿಮನೆಯಲ್ಲಿ ಕೆಲಸದವರು ಅಂಗಳದಲ್ಲೇ ನಿಂತು, ಕೊಟ್ಟಿಗೆ ಮಾಡಿನಲ್ಲಿ ಸಿಕ್ಕಿಸಿಟ್ಟ ಗೆರಟೆಯಲ್ಲಿ ಚಾ ಕುಡಿಯೋದನ್ನ ನೋಡಿದ್ದೆ. ನಾನು ನೋಡಿದ್ದು ಜಗಲಿಯ ಮೇಲೆ ಕೂತು. ಕಾರಂತರ ಆ ಮೌನಕ್ಕೆ ನಾನು ಕೊಟ್ಟ ಅಂಕದಲ್ಲಿ ಜಗಲಿಯ ಪಾಲೂ ಇತ್ತು.

ಸಭೆಗೆ ಅಂಕದ ಕಾಲಂ ಅಳಿಸಿಕೊಂಡು ಹೋದೆ. ಅದರ ಬದಲು ಪ್ರತಿ ಸಾಲಿನ ಪಕ್ಕ ಒಂದೇ ಪ್ರಶ್ನೆ ಬರೆದಿದ್ದೆ: ಇದನ್ನ ಓದುವಾಗ ನಾನು ನಿಂತಿದ್ದು ಎಲ್ಲಿ? ಸಂಜೆ ಅಜ್ಜಿಗೆ ಮತ್ತೆ ಫೋನ್ ಮಾಡಿ ಆ ಗೆರಟೆಯ ವಿಷಯ ಕೇಳಿದೆ. ಅವರು ಸ್ವಲ್ಪ ಹೊತ್ತು ಮಾತಾಡಲಿಲ್ಲ.